ಹೊಸಬರ ಮೊದಲ ಗಂಟೆ

ಕಾಲ್‌ಸೆಂಟರಿಗೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷ ತುಂಬುವುದರೊಳಗೆ ಬಿಟ್ಟು ಹೋಗುವುದು ಒಂದು ಕಾಲಕ್ಕೆ ಯಾರಿಗೂ ಅಚ್ಚರಿಯ ಸುದ್ದಿಯಾಗಿರಲಿಲ್ಲ. ರಾತ್ರಿ ಪಾಳಿ, ಸಿಟ್ಟಿಗೆದ್ದ ಗಿರಾಕಿಗಳು, ಸಾಲದ್ದಕ್ಕೆ ತಮ್ಮ ಉಚ್ಚಾರವನ್ನೂ ಮಾತಿನ ರೀತಿಯನ್ನೂ ಬದಲಿಸಿಕೊಂಡು ದೂರದ ದೇಶದವರ ಹಾಗೆ ಮಾತಾಡಬೇಕಾದ ಕಷ್ಟ. ಇಂಥ ಕೆಲಸವನ್ನು ಯಾರು ತಾನೇ ಹಿಡಿದುಕೊಂಡಿರುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರು. ಆದರೆ ಮೂವರು ಸಂಶೋಧಕರು ಬೇರೆಯದೇ ಪ್ರಶ್ನೆ ಕೇಳಿದರು: ಕೆಲಸ ಹೇಗೂ ಹೀಗೇ ಇರುತ್ತದೆ, ಸೇರಿದ ಮೊದಲ ದಿನದ ಒಂದು ಗಂಟೆಯನ್ನು ಮಾತ್ರ ಬದಲಿಸಿದರೆ ಏನಾದೀತು?

ಡೇನಿಯಲ್ ಕೇಬಲ್, ಫ್ರಾನ್ಸೆಸ್ಕಾ ಜೀನೋ ಮತ್ತು ಬ್ರಾಡ್ಲಿ ಸ್ಟಾಟ್ಸ್ ಈ ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಬೆಂಗಳೂರಿನ ಕಂಪನಿ ವಿಪ್ರೊದ ಬಿಪಿಒ ವಿಭಾಗವನ್ನು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹೊಸದಾಗಿ ಸೇರಿದವರನ್ನು ಅವರು ಮೂರು ಬಗೆಯಾಗಿ ಬರಮಾಡಿಕೊಂಡರು. ಒಂದು ಗುಂಪಿಗೆ ಎಂದಿನ ಪದ್ಧತಿ: ಕೆಲಸದ ವಿವರ, ನಿಯಮ, ತರಬೇತಿ. ಎರಡನೆಯ ಗುಂಪಿಗೆ ಇದರ ಜೊತೆಗೆ ಒಂದು ಗಂಟೆ ಕಂಪನಿಯ ಹಿರಿಮೆ, ಅದರ ಮೌಲ್ಯಗಳು, ಇಲ್ಲಿ ಕೆಲಸ ಮಾಡುವುದು ಏಕೆ ಹೆಮ್ಮೆಯ ವಿಷಯ ಎಂಬ ಮಾತುಗಳು. ಕೊನೆಯಲ್ಲಿ ಕಂಪನಿಯ ಹೆಸರಿದ್ದ ಬೆಚ್ಚನೆಯ ಅಂಗಿ ಮತ್ತು ಬ್ಯಾಡ್ಜು.

ಮೂರನೆಯ ಗುಂಪಿಗೂ ಸಿಕ್ಕಿದ್ದು ಒಂದೇ ಗಂಟೆ. ಆದರೆ ಅದರಲ್ಲಿ ಮಾತಿಗೆ ಬಂದದ್ದು ಕಂಪನಿಗಿಂತ ಹೆಚ್ಚಾಗಿ ಹೊಸಬರು. ಹಿರಿಯ ಅಧಿಕಾರಿಯೊಬ್ಬರು ಬಂದು, ಇಲ್ಲಿ ನೀವು ನೀವಾಗಿಯೇ ಕೆಲಸ ಮಾಡಲು ಅವಕಾಶವಿದೆ ಎಂದು ಕಾಲು ಗಂಟೆ ಮಾತಾಡಿದರು. ಆಮೇಲೆ ಕಾಲು ಗಂಟೆ ಒಂದು ಸಣ್ಣ ಕಸರತ್ತು: ನಡುಸಮುದ್ರದಲ್ಲಿ ಹಡಗು ಕೆಟ್ಟಿದೆ, ಕೈಯಲ್ಲಿ ಕೆಲವೇ ಸಾಮಾನುಗಳಿವೆ, ಯಾವುದನ್ನು ಮೊದಲು ಉಳಿಸಿಕೊಳ್ಳುತ್ತೀರಿ ಎಂದು ಒಬ್ಬೊಬ್ಬರೇ ಯೋಚಿಸಿ ಪಟ್ಟಿ ಮಾಡಬೇಕು. ಅದು ಮುಗಿದ ಮೇಲೆ ಕಾಗದದ ಮೇಲೆ ಉತ್ತರಿಸಬೇಕಾದ ಪ್ರಶ್ನೆಗಳು. ನಿಮ್ಮನ್ನು ಬಣ್ಣಿಸುವ ಮೂರು ಪದಗಳು ಯಾವುವು? ನೀವು ಅತ್ಯಂತ ಖುಷಿಯಿಂದ, ಅತ್ಯಂತ ಚೆನ್ನಾಗಿ ಕೆಲಸ ಮಾಡುವಾಗ ನಿಮ್ಮೊಳಗಿನ ಯಾವ ಗುಣ ಅದಕ್ಕೆ ಕಾರಣವಾಗಿರುತ್ತದೆ? ಬರೆದುಕೊಂಡದ್ದನ್ನು ಹಿಡಿದು ಕೊನೆಯ ಕಾಲು ಗಂಟೆ ಒಬ್ಬರಿಗೊಬ್ಬರು ಪರಿಚಯ ಹೇಳಿಕೊಂಡರು. ಇವರಿಗೂ ಅಂಗಿ, ಬ್ಯಾಡ್ಜು ಸಿಕ್ಕವು. ಅದರ ಮೇಲಿದ್ದದ್ದು ಅವರವರದೇ ಹೆಸರು.

ಆರೇಳು ತಿಂಗಳ ನಂತರ ಲೆಕ್ಕ ಹಾಕಿದಾಗ, ಮೂರನೆಯ ಗುಂಪಿಗೆ ಹೋಲಿಸಿದರೆ ಎಂದಿನ ಪದ್ಧತಿಯಲ್ಲಿ ಸೇರಿದವರು ಕೆಲಸ ಬಿಟ್ಟ ಪ್ರಮಾಣ ಸುಮಾರು 47 ಶೇಕಡ ಹೆಚ್ಚಿತ್ತು. ಕಂಪನಿಯ ಹಿರಿಮೆ ಕೇಳಿದ ಗುಂಪು ಎಂದಿನ ಪದ್ಧತಿಯವರಿಗಿಂತ ವಾಸಿ ಎನಿಸಿಕೊಂಡರೂ, ಮೂರನೆಯ ಗುಂಪಿಗಿಂತ ಸುಮಾರು 27 ಶೇಕಡ ಹೆಚ್ಚಾಗಿ ಬಿಟ್ಟು ಹೋಗಿತ್ತು. ಸಂಬಳ, ಪಾಳಿ, ಮೇಲಧಿಕಾರಿ, ಗಿರಾಕಿಗಳ ಬೈಗುಳ ಯಾವುದೂ ಬದಲಾಗಿರಲಿಲ್ಲ.

ಈ ಅಂಕಿಗಳನ್ನು ಎಚ್ಚರದಿಂದಲೇ ಓದಬೇಕು. ಇದು ಒಂದೇ ಕಂಪನಿಯ, ಒಂದೇ ಬಗೆಯ ಕೆಲಸದ ಪ್ರಯೋಗ. ಸಂಶೋಧಕರಲ್ಲಿ ಒಬ್ಬರಾದ ಜೀನೋ ಅವರ ಬೇರೆ ನಾಲ್ಕು ಪ್ರಬಂಧಗಳಲ್ಲಿ ದತ್ತಾಂಶ ತಿದ್ದಲಾಗಿದೆ ಎಂಬ ಆರೋಪ 2023ರಲ್ಲಿ ದೊಡ್ಡ ಸುದ್ದಿಯಾಯಿತು. ಅವರು ಅದನ್ನು ಅಲ್ಲಗಳೆದರು. 2025ರಲ್ಲಿ ಹಾರ್ವರ್ಡ್ ಅವರ ಕಾಯಂ ಹುದ್ದೆಯನ್ನು ಹಿಂಪಡೆಯಿತು. ವಿಪ್ರೊ ಪ್ರಬಂಧ ಆ ನಾಲ್ಕರಲ್ಲಿ ಸೇರಿಲ್ಲ. ಆದರೂ 47 ಎಂಬ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿದ ಸತ್ಯವೆಂದು ಹಿಡಿಯುವ ಬದಲು, ಆ ಗಂಟೆಯಲ್ಲಿ ನಡೆದದ್ದೇನು ಎಂಬುದನ್ನು ನೋಡುವುದು ಹೆಚ್ಚು ಪ್ರಯೋಜನದ ಕೆಲಸ.

ನಡೆದದ್ದು ಇಷ್ಟೆ: ಹೊಸಬರನ್ನು ಒಂದು ಒಳ್ಳೆಯ ಪ್ರಶ್ನೆ ಕೇಳಲಾಯಿತು. ನಮ್ಮ ಕಚೇರಿಗಳಲ್ಲೂ ಮೊದಲ ದಿನ ಪ್ರಶ್ನೆಗಳಿಗೇನೂ ಬರವಿಲ್ಲ. "ಯಾವೂರು ನಿಮ್ದು?" ಎಂಬುದು ಮೊದಲನೆಯದು, ಅದರಲ್ಲಿ ತಪ್ಪೇನಿಲ್ಲ. ಒಂದೇ ಸೀಮೆಯವರು ಸಿಕ್ಕಿಬಿಟ್ಟರೆ ಅರ್ಧ ಅಪರಿಚಿತತೆ ಅಲ್ಲೇ ಕರಗುತ್ತದೆ. ಕಷ್ಟ ಶುರುವಾಗುವುದು ಎರಡನೆಯ ಪ್ರಶ್ನೆಯಿಂದ. "ಅಲ್ಲಿ ಯಾರ ಪೈಕಿ?" "ಮನೇಲಿ ನಾನ್‌ವೆಜ್ ಮಾಡ್ತೀರಾ?" "ನಿಮ್ಮ ಅಡ್ಡಹೆಸರು?" ಕೇಳುವವರು ಸಲಿಗೆಯಿಂದ ಕೇಳಿದಂತೆ ಕಂಡರೂ ಈ ಪ್ರಶ್ನೆಗಳು ಹುಡುಕುವುದು ಜಾತಿಯನ್ನು ಎಂಬುದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ಮದುವೆಯಾಗಿದೆಯೇ, ಮಕ್ಕಳೆಷ್ಟು, ಯಾರ ಶಿಫಾರಸಿನಿಂದ ಬಂದದ್ದು ಎಂಬವು ಆಮೇಲೆ ಬರುತ್ತವೆ. ಇವೆಲ್ಲ ಹೊಸಬರನ್ನು ಒಂದು ಖಾನೆಯಲ್ಲಿ ಕೂರಿಸುವ ಪ್ರಶ್ನೆಗಳು. ವಿಪ್ರೊದಲ್ಲಿ ಕೇಳಿದ ಪ್ರಶ್ನೆಯ ಉತ್ತರವನ್ನು ಹೊಸಬರು ತಾವೇ ಆರಿಸಿಕೊಳ್ಳಬಹುದಿತ್ತು. "ಹಿಂದಿನ ಕಡೆ ಯಾವ ಕೆಲಸ ನಿಮಗೆ ಹೆಚ್ಚು ಇಷ್ಟ ಆಗ್ತಿತ್ತು?" ಎಂದು ಟೀ ಕುಡಿಯುತ್ತಾ ಕೇಳುವುದಕ್ಕೆ ಯಾವ ತರಬೇತಿಯೂ ಬೇಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆ ಗುಂಪಿನವರು ಮೊದಲು ಬರೆದರು, ಆಮೇಲೆ ಮಾತಾಡಿದರು. ಇಪ್ಪತ್ತು ಜನರ ಮುಂದೆ ಏಕಾಏಕಿ ನಿಲ್ಲಿಸಿ "ನಿಮ್ಮ ಬಗ್ಗೆ ಎರಡು ಮಾತು ಹೇಳಿ" ಎಂದರೆ ಸಂಕೋಚದವರ ಗಂಟಲು ಒಣಗುತ್ತದೆ. ಅವರು ಹೆಸರು, ಊರು, ಓದು ಹೇಳಿ ಕೂತುಬಿಡುತ್ತಾರೆ. ಚಪ್ಪಾಳೆ ಬೀಳುತ್ತದೆ, ಅವರ ಬಗ್ಗೆ ಯಾರಿಗೂ ಏನೂ ತಿಳಿದಿರುವುದಿಲ್ಲ.

ಮೊದಲ ದಿನದ ಬಗ್ಗೆ ನಡೆದ ಪ್ರಯೋಗಗಳಲ್ಲಿ ಹೆಚ್ಚು ಕುತೂಹಲದ್ದು ಇದಕ್ಕೂ ಹಳೆಯದು, 1966ರಲ್ಲಿ ಬೆಳಕಿಗೆ ಬಂದದ್ದು. ಅಮೆರಿಕದ ಡಲ್ಲಾಸ್ ನಗರದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಸೂಕ್ಷ್ಮ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಜೋಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ಸೇರುತ್ತಿದ್ದರು. ಕೆಲಸ ಕಲಿಯಲು ಬೇಕಾದದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತಿತ್ತು. ಏಕೆಂದು ಅರ್ಲ್ ಗೊಮರ್ಸಾಲ್ ಮತ್ತು ಸ್ಕಾಟ್ ಮೈಯರ್ಸ್ ವಿಚಾರಿಸುತ್ತಾ ಹೋದರೆ ಅಡ್ಡಿಯಾಗಿದ್ದದ್ದು ಭಯ. ಕೈ ನಡುಗುವವರು ಸೂಕ್ಷ್ಮ ಕೆಲಸ ಮಾಡುವುದು ಹೇಗೆ? ಅದರ ಮೇಲೆ ಹಳಬರು ಹೊಸಬರನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಈ ಸೂಪರ್‌ವೈಸರ್ ಮಹಾ ಕಠಿಣ, ಈ ಮೆಷಿನ್ ಯಾರ ಕೈಗೂ ಬಗ್ಗುವುದಿಲ್ಲ ಎಂಬ ಬಗೆಯ ಮಾತುಗಳು. ಹೆದರಿದವರು ಸೂಪರ್‌ವೈಸರನ್ನು ಏನೂ ಕೇಳುತ್ತಿರಲಿಲ್ಲ. ಕೇಳದಿದ್ದರಿಂದ ತಪ್ಪುತ್ತಿದ್ದರು, ತಪ್ಪಿದ್ದರಿಂದ ಇನ್ನಷ್ಟು ಹೆದರುತ್ತಿದ್ದರು.

ಹತ್ತು ಮಂದಿಯ ಒಂದು ಹೊಸ ತಂಡವನ್ನು ಅವರು ಬೇರೆ ರೀತಿ ನೋಡಿಕೊಂಡರು. ಎಂದಿನಂತೆ ಎರಡು ಗಂಟೆ ಕೆಲಸದ ವೇಳೆ, ವಿಮೆ, ಗಾಡಿ ನಿಲ್ಲಿಸುವ ಜಾಗ ಇತ್ಯಾದಿ ಹೇಳಿ ನೇರವಾಗಿ ಮೆಷಿನ್ ಮುಂದೆ ಕೂರಿಸಲಿಲ್ಲ. ಉಳಿದ ಇಡೀ ದಿನ ಕೆಲಸವೇ ಇಲ್ಲ, ಆರಾಮಾಗಿ ಕೂತು ಮಾತು. ಆ ಮಾತಿನಲ್ಲಿ ನಾಲ್ಕೇ ವಿಷಯಗಳಿದ್ದವು. ಮೊದಲನೆಯದು, ಈ ಕೆಲಸಕ್ಕೆ ಬಂದವರಲ್ಲಿ 99.6 ಶೇಕಡ ಮಂದಿ ಕೊನೆಗೆ ಕಲಿತೇ ಕಲಿತಿದ್ದಾರೆ ಎಂದು ಹಿಂದಿನವರ ಕಲಿಕೆಯ ದಾಖಲೆಯನ್ನೇ ತೋರಿಸಿ ಹೇಳಿದರು. ಎರಡನೆಯದು, ಹಳಬರು ನಿಮ್ಮನ್ನು ಹೆದರಿಸುತ್ತಾರೆ, ಅದೊಂದು ಆಟ, ಅರ್ಧ ತಮಾಷೆ ಅರ್ಧ ಉತ್ಪ್ರೇಕ್ಷೆ, ತಲೆಗೆ ಹಚ್ಚಿಕೊಳ್ಳಬೇಡಿ. ಮೂರನೆಯದು, ಸೂಪರ್‌ವೈಸರ್ ಕೆಲಸದ ಗಡಿಬಿಡಿಯಲ್ಲಿ ನಿಮ್ಮ ಬಳಿಗೆ ಬರಲಿಕ್ಕಿಲ್ಲ, ನೀವೇ ಹೋಗಿ ಕೇಳಿ, ಕೇಳಿದರೆ ಯಾರೂ ದಡ್ಡರೆಂದು ತಿಳಿಯುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಸೊಗಸಾದದ್ದು: ಸೂಪರ್‌ವೈಸರ್ ಎಂಥ ಮನುಷ್ಯ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕಟ್ಟುನಿಟ್ಟಿನವರು, ಆದರೆ ಸ್ನೇಹದವರು. ಮೀನು ಹಿಡಿಯುವುದೂ ಹ್ಯಾಮ್ ರೇಡಿಯೊ ಕೂಡ ಅವರ ಹವ್ಯಾಸ. ಸ್ವಲ್ಪ ನಾಚಿಕೆ ಸ್ವಭಾವ, ನೀವು ಮಾತಾಡಿಸಿದರೆ ಅವರಿಗೆ ಇಷ್ಟ. ಮೆಷಿನ್ ಬಿಟ್ಟು ಹೊರಗೆ ಹೋಗುವಾಗ ಒಂದು ಮಾತು ಹೇಳಿ ಹೋದರೆ ಸಾಕು, ಎಲ್ಲಿದ್ದೀರಿ ಎಂದು ಅವರಿಗೆ ಗೊತ್ತಿರಲಿ ಎಂದಷ್ಟೆ.

ಹೀಗೆ ಒಂದು ದಿನ 'ವ್ಯರ್ಥ' ಮಾಡಿದ ತಂಡ ಕೆಲಸ ಕಲಿಯಲು ತೆಗೆದುಕೊಂಡದ್ದು ಎಂದಿನ ಅರ್ಧ ಸಮಯ. ಗೈರುಹಾಜರಿಯೂ ತಡವಾಗಿ ಬರುವುದೂ ಅರ್ಧಕ್ಕಿಳಿದವು, ಹಾಳಾಗುವ ಮಾಲು ಐದನೇ ಒಂದಕ್ಕೆ ಇಳಿಯಿತು. ಹತ್ತೇ ಮಂದಿಯ ತಂಡ ಎಂಬುದು ಈ ಪ್ರಯೋಗದ ಕೊರತೆ. ಆದರೆ ಹಳಬರ ಹೆದರಿಸುವ ಮಾತನ್ನು ಮೊದಲೇ ಹೆಸರಿಟ್ಟು ಹೇಳಿಬಿಡುವ ಉಪಾಯ ಅಷ್ಟು ಸರಳವಾಗಿಯೂ ಜಾಣತನದ್ದಾಗಿಯೂ ಇದೆ. ನಮ್ಮಲ್ಲೂ "ಎಲ್ಲಾ ಬಿಟ್ಟು ಈ ಸೆಕ್ಷನ್‌ಗೆ ಯಾಕ್ರೀ ಬಂದ್ರಿ?" ಎಂಬ ಸ್ವಾಗತ ಸಿಗದ ಕಚೇರಿ ಕಡಿಮೆ. ಕೇಳಿದವರು ಅದನ್ನು ಮಧ್ಯಾಹ್ನದೊಳಗೆ ಮರೆತಿರುತ್ತಾರೆ. ಕೇಳಿಸಿಕೊಂಡವರು ರಾತ್ರಿ ಮನೆಗೆ ಫೋನ್ ಮಾಡಿದಾಗ ಹೇಳುವ ಮೊದಲ ಸುದ್ದಿ ಅದೇ ಆಗಿರುತ್ತದೆ.

ಇವೆಲ್ಲ ದೊಡ್ಡ ಕಂಪನಿಗಳ ಮಾತಾಯಿತು. ಎಂಟು ಹತ್ತು ಜನರಿರುವ ಕಡೆ ಇದು ಹೇಗಿದ್ದೀತು? ತಾಲ್ಲೂಕು ಕೇಂದ್ರದ ಒಂದು ಬ್ಯಾಂಕ್ ಶಾಖೆಯನ್ನು ಕಲ್ಪಿಸಿಕೊಳ್ಳಬಹುದು. ಒಡಿಶಾದ ತರುಣಿಯೊಬ್ಬಳು ಅಧಿಕಾರಿಯಾಗಿ ನೇಮಕಗೊಂಡು ಸೋಮವಾರ ಬೆಳಿಗ್ಗೆ ಬರಲಿದ್ದಾಳೆ. ಸೋಮವಾರವೆಂದರೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಜನ. ಏನೂ ಯೋಚಿಸದಿದ್ದರೆ ಆಗುವುದು ಇಷ್ಟು: ಆಕೆ ಹತ್ತು ಗಂಟೆಗೆ ಟ್ರಂಕು, ಸೂಟ್‌ಕೇಸಿನ ಜೊತೆ ಬರುತ್ತಾಳೆ. ಗಿರಾಕಿ ಎಂದು ತಿಳಿದು ಯಾರೋ "ಟೋಕನ್ ತಗೊಳ್ಳಿ" ಎನ್ನುತ್ತಾರೆ. ಮ್ಯಾನೇಜರು ಸಾಲದ ಕಡತದಲ್ಲಿ ಮುಳುಗಿದ್ದಾರೆ. ಸೇರ್ಪಡೆಯ ಪತ್ರಕ್ಕೆ ಸಹಿ ಆದ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿ ಕೂರಿಸುತ್ತಾರೆ. ಕಂಪ್ಯೂಟರಿಗೆ ಬೇಕಾದ ಯೂಸರ್ ಐಡಿ ಮೇಲಿನ ಕಚೇರಿಯಿಂದ ಇನ್ನೂ ಬಂದಿಲ್ಲ. ಹಾಗಾಗಿ ಮಾಡಲು ಏನೂ ಇಲ್ಲ. ಸಂಜೆಯವರೆಗೆ ಎಲ್ಲರೂ ದುಡಿಯುವುದನ್ನು ನೋಡುತ್ತಾ ಕೂರುವುದು, ಎದ್ದು ಹೋಗಲು ಸಂಕೋಚ, ಶೌಚಾಲಯ ಎಲ್ಲಿದೆ ಎಂದು ಯಾರನ್ನು ಕೇಳಬೇಕೆಂಬ ಗೊಂದಲ. ಯಾರೂ ಆಕೆಗೆ ಕೆಟ್ಟದ್ದು ಮಾಡಿಲ್ಲ. ಆದರೂ ಆ ದಿನವಿಡೀ ತಾನು ಯಾರಿಗೂ ಬೇಕಿಲ್ಲ ಎಂಬುದೇ ಆಕೆಗೆ ತಿಳಿದ ಸಂಗತಿ.

ಇದನ್ನು ಬದಲಿಸುವ ಕೆಲಸ ಶುಕ್ರವಾರವೇ ಶುರುವಾಗಬೇಕು. ಯೂಸರ್ ಐಡಿಗೆ ಕೋರಿಕೆ ಕಳಿಸಿ, ಫೋನಿನಲ್ಲಿ ಒಮ್ಮೆ ನೆನಪಿಸುವುದು. ಒಂದು ಮೇಜು, ಡ್ರಾಯರಿನ ಕೀಲಿ. ಬರುವವರ ಹೆಸರು, ಅದನ್ನು ಹೇಗೆ ಉಚ್ಚರಿಸಬೇಕು ಎಂಬುದು ಸೆಕ್ಯುರಿಟಿಯವರಿಂದ ಹಿಡಿದು ಕ್ಯಾಷಿಯರ್‌ವರೆಗೆ ಎಲ್ಲರಿಗೂ ಗೊತ್ತಿರಬೇಕು. ಆಗ ಬಾಗಿಲಲ್ಲೇ "ಬನ್ನಿ ಮೇಡಂ, ನಿಮ್ಮನ್ನೇ ಕಾಯ್ತಿದ್ವಿ" ಎಂಬ ಮಾತು ಬರುತ್ತದೆ. ಒಂದು ಫೋನು ಮಾಡಿ ಒಂಬತ್ತೂವರೆಗೆ, ಜನ ನುಗ್ಗುವ ಮೊದಲೇ ಬರಲು ಹೇಳಿದರೆ ಮ್ಯಾನೇಜರಿಗೂ ಹದಿನೈದು ನಿಮಿಷ ಸಿಗುತ್ತದೆ.

ಪರಿಚಯದ ವಿಷಯದಲ್ಲಿ ಅತಿ ಉತ್ಸಾಹವೂ ತೊಂದರೆಯೇ. ಒಂದೇ ಸುತ್ತಿನಲ್ಲಿ ಹತ್ತು ಹೆಸರು ಹೇಳಿದರೆ ಎರಡೂ ನೆನಪಿರುವುದಿಲ್ಲ. ಆಮೇಲೆ ಹೆಸರು ಮರೆತ ಮುಜುಗರದಲ್ಲಿ ಹೊಸಬರು ಮಾತೇ ತಪ್ಪಿಸುತ್ತಾರೆ. ಮೊದಲ ದಿನ ಮೂರು ಮಂದಿ ಸಾಕು: ಪಕ್ಕದಲ್ಲಿ ಕೂರುವವರು, ಕೆಲಸ ಹೇಳಿಕೊಡುವವರು, ಕಚೇರಿಯ ಎಲ್ಲ ಗುಟ್ಟೂ ಬಲ್ಲ ಹಳೆಯ ಅಟೆಂಡರ್. ಉಳಿದವರ ಹೆಸರು ಮತ್ತು ಯಾವುದಕ್ಕೆ ಯಾರನ್ನು ಕೇಳಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಎಷ್ಟೋ ಸಂಕೋಚ ತಪ್ಪುತ್ತದೆ. ಐಡಿ ಬರದಿದ್ದರೂ ಮಾಡಬಹುದಾದ ಒಂದು ನಿಜವಾದ ಕೆಲಸವನ್ನು ಕೊಡುವುದು ಇದರಷ್ಟೇ ಮುಖ್ಯ. ಖಾತೆ ತೆರೆಯುವ ಅರ್ಜಿಗಳಲ್ಲಿ ದಾಖಲೆ ಸರಿಯಿದೆಯೇ ಎಂದು ಹಳಬರ ಜೊತೆ ಕೂತು ನೋಡುವುದು ಅಂಥದ್ದು. ಸಂಜೆ ಮನೆಗೆ ಹೋಗುವಾಗ ಇವತ್ತು ಇದೊಂದು ಮಾಡಿದೆ ಎಂದು ಹೇಳಿಕೊಳ್ಳಲು ಏನಾದರೂ ಇರಬೇಕು.

ಊಟದ ಹೊತ್ತು ಮಾತ್ರ ಯಾರ ಕೈಗೂ ಸುಲಭಕ್ಕೆ ಸಿಗುವುದಿಲ್ಲ. ಬ್ಯಾಂಕಿನಲ್ಲಿ ಎಲ್ಲರೂ ಒಟ್ಟಿಗೆ ಎದ್ದು ಹೋಗುವಂತಿಲ್ಲ, ಸರದಿಯ ಮೇಲೆ ಉಣ್ಣಬೇಕು. ಯಾರ ಸರದಿಯ ಜೊತೆ ಹೊಸಬರು ಎಂಬುದನ್ನು ಬೆಳಿಗ್ಗೆಯೇ ಹೇಳದಿದ್ದರೆ ಅವರು ಒಬ್ಬರೇ ಉಣ್ಣುವುದು ಖಚಿತ. ಜೊತೆಗೆ ಕೂತರೂ ಇನ್ನೊಂದು ತೊಡಕು, ಭಾಷೆ. ನಾಲ್ವರು ಕನ್ನಡದಲ್ಲಿ ಹರಟುತ್ತಾ ನಗುತ್ತಾ ಇರುವಾಗ ಐದನೆಯವಳು ಡಬ್ಬಿಯನ್ನೇ ನೋಡುತ್ತಾ ಕೂರುತ್ತಾಳೆ. ಬೆಂಗಳೂರಿನ ಎಷ್ಟೋ ಐಟಿ ತಂಡಗಳಲ್ಲಿ ಇದೇ ದೃಶ್ಯ ತಿರುಗುಮುರುಗಾಗಿ ನಡೆಯುತ್ತದೆ. ಅಲ್ಲಿ ಹಿಂದಿಯದೋ ತೆಲುಗಿನದೋ ನಗೆಯ ನಡುವೆ ಮಂಡ್ಯದ ಹುಡುಗ ಸುಮ್ಮನೆ ಕೂತಿರುತ್ತಾನೆ.

ಇಂಥ ಹೊರಗುಳಿಯುವಿಕೆ ಎಷ್ಟು ಚುಚ್ಚುತ್ತದೆ ಎಂಬುದನ್ನು ಅಳೆದವರು ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್. ಅವರು ಒಮ್ಮೆ ಪಾರ್ಕಿನಲ್ಲಿ ನಾಯಿಯ ಜೊತೆ ಕೂತಿದ್ದಾಗ ಇಬ್ಬರು ಅಪರಿಚಿತರು ಆಡುತ್ತಿದ್ದ ಫ್ರಿಸ್ಬಿ ತಟ್ಟೆ ಅವರ ಬಳಿ ಬಂದು ಬಿತ್ತು. ಎತ್ತಿ ಎಸೆದರು, ಅವರೂ ಮರಳಿ ಎಸೆದರು. ಸ್ವಲ್ಪ ಹೊತ್ತು ಮೂವರ ಆಟ ನಡೆಯಿತು. ಆಮೇಲೆ ಆ ಇಬ್ಬರು ಇವರತ್ತ ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಗುರುತಿಲ್ಲದವರು ಹಾಗೆ ಮಾಡಿದ್ದಕ್ಕೆ ತನಗೇಕೆ ಇಷ್ಟು ನೋವು ಎಂದು ಯೋಚಿಸಿದ ವಿಲಿಯಮ್ಸ್ ಮುಂದೆ ಸೈಬರ್‌ಬಾಲ್ ಎಂಬ ಕಂಪ್ಯೂಟರ್ ಆಟ ರೂಪಿಸಿದರು. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಕೆಲವೇ ನಿಮಿಷ ಚೆಂಡು ಸಿಗದಿದ್ದರೆ ಸಾಕು, ಆಡುವವರ ಮನಸ್ಸು ಮುದುಡುತ್ತದೆ. ಎದುರಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದರೂ ನೋವು ತಪ್ಪುವುದಿಲ್ಲ ಎಂದು 2004ರ ಒಂದು ಪ್ರಯೋಗ ತೋರಿಸಿತು. ಹೀಗಿರುವಾಗ, ಊಟದ ಮೇಜಿನಲ್ಲಿ ಬೇಕೆಂದೇ ಯಾರೂ ಹೊರಗಿಟ್ಟಿಲ್ಲವಲ್ಲ ಎಂಬ ಸಮಾಧಾನ ಹೊಸಬರ ನೋವಿಗೆ ಮದ್ದಾಗುವುದಿಲ್ಲ.

ಹಾಗೆಂದು ಎಲ್ಲರೂ ಊಟದ ಹೊತ್ತಿನಲ್ಲಿ ಕನ್ನಡ ಬಿಡಬೇಕು ಎಂದರೆ ಅದು ನಡೆಯುವ ಮಾತಲ್ಲ, ನಡೆಯಬೇಕಾದ್ದೂ ಅಲ್ಲ. ಹರಟೆ ಕನ್ನಡದಲ್ಲೇ ಇರಲಿ. ಪಕ್ಕದಲ್ಲಿರುವ ಒಬ್ಬರು ಆಗಾಗ ಎರಡು ಮಾತಿನಲ್ಲಿ ನಗುವಿನ ಕಾರಣ ಹೇಳಿ, ಒಂದು ಪ್ರಶ್ನೆಯನ್ನು ಆಕೆಯತ್ತ ಎಸೆದರೆ ಚೆಂಡು ಸಿಕ್ಕಂತಾಯಿತು. ಕೌಂಟರಿಗೆ ಬೇಕಾದ ಐದಾರು ಕನ್ನಡ ವಾಕ್ಯಗಳನ್ನು ("ಸಹಿ ಇಲ್ಲಿ ಹಾಕಿ", "ನಾಳೆ ಬನ್ನಿ", "ಪಾಸ್‌ಬುಕ್ ಕೊಡಿ") ಊಟದ ಹೊತ್ತಿನಲ್ಲೇ ಕಲಿಸತೊಡಗಿದರೆ ಕಲಿಸುವವರಿಗೂ ತಮಾಷೆ, ಮರುದಿನದ ಕೆಲಸಕ್ಕೂ ಆಯಿತು.

ಮೊದಲ ದಿನದ ಸಂಭ್ರಮಕ್ಕೆ ಒಂದು ಮಿತಿಯಿದೆ. ಹೂಗುಚ್ಛ, ಕೇಕು, ಗ್ರೂಪ್ ಫೋಟೊ ಎಲ್ಲ ಆಗಿ ಮೂರನೆಯ ದಿನದಿಂದ ಯಾರೂ ತಿರುಗಿ ನೋಡದಿದ್ದರೆ, ಆರಂಭದ ಸಡಗರವೇ ಆಮೇಲಿನ ನಿರಾಸೆಯನ್ನು ಹೆಚ್ಚಿಸುತ್ತದೆ. ಮೈಕ್ರೋಸಾಫ್ಟ್ ತನ್ನಲ್ಲಿ ಹೊಸದಾಗಿ ಸೇರಿದವರಿಗೆ ಒಬ್ಬೊಬ್ಬ ಜೊತೆಗಾರರನ್ನು ಕೊಟ್ಟು ನೋಡಿತು. ಮೊದಲ 90 ದಿನಗಳಲ್ಲಿ ಆ ಜೊತೆಗಾರರನ್ನು ಒಮ್ಮೆ ಮಾತ್ರ ಭೇಟಿಯಾದವರಲ್ಲಿ 56 ಶೇಕಡ ಮಂದಿ, ಇದರಿಂದ ಬೇಗ ಕೆಲಸ ಹಿಡಿಯಲು ನೆರವಾಯಿತು ಎಂದರು. ಎಂಟಕ್ಕಿಂತ ಹೆಚ್ಚು ಸಲ ಭೇಟಿಯಾದವರಲ್ಲಿ ಹಾಗೆಂದವರು 97 ಶೇಕಡ. ಮೊದಲೇ ಚುರುಕಾಗಿದ್ದವರು ತಾವಾಗಿ ಹೆಚ್ಚು ಭೇಟಿ ಮಾಡಿರಲೂಬಹುದು, ಹಾಗಾಗಿ ಎಲ್ಲ ಶ್ರೇಯವೂ ಭೇಟಿಯದೇ ಎನ್ನುವಂತಿಲ್ಲ. ಆದರೆ ಜೊತೆಗಾರರ ಹೆಸರನ್ನು ಕಾಗದದಲ್ಲಿ ಬರೆದು ಕೈತೊಳೆದುಕೊಂಡರೆ ಹೆಚ್ಚೇನೂ ಆಗದು ಎಂಬುದಂತೂ ಕಾಣುತ್ತದೆ. ಗೂಗಲ್ ಕೂಡ ಹೊಸಬರು ಬರುವ ಹಿಂದಿನ ದಿನ ಅವರ ಮ್ಯಾನೇಜರಿಗೆ ಐದು ಅಂಶಗಳ ಒಂದು ನೆನಪೋಲೆ ಕಳಿಸುವ ಪದ್ಧತಿ ಮಾಡಿತ್ತು. ಜೊತೆಗಾರರನ್ನು ಗೊತ್ತುಮಾಡುವುದು ಅದರಲ್ಲೊಂದು, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೂತು ವಿಚಾರಿಸುವುದು ಇನ್ನೊಂದು. ನೆನಪಿಸಿದ್ದಷ್ಟೇ ಹೊರತು ಮ್ಯಾನೇಜರುಗಳಿಗೆ ಕಡ್ಡಾಯ ಮಾಡಿರಲಿಲ್ಲ. ಅದನ್ನು ಪಾಲಿಸಿದವರ ತಂಡದಲ್ಲಿ ಹೊಸಬರು ಪೂರ್ಣ ಕೆಲಸಕ್ಕೆ ಹೊಂದಿಕೊಳ್ಳಲು ಒಂದು ತಿಂಗಳು ಕಡಿಮೆ ಹಿಡಿಯಿತು ಎಂದು ಅಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2015ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಒಡಿಶಾದ ಆ ಅಧಿಕಾರಿ ಶಾಖೆಯಲ್ಲಿ ನೆಲೆಯೂರಿದ್ದಾಳೆಯೇ ಎಂದು ಎರಡನೆಯ ವಾರದಲ್ಲಿ ತಿಳಿಯುವುದು ಹೇಗೆ? "ಎಲ್ಲಾ ಸರಿ ಇದೆಯಾ ಮೇಡಂ?" ಎಂದರೆ "ಹೌದು ಸರ್" ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಕೇಳುವ ಬದಲು ನೋಡಬೇಕು. ಎಲ್ಲ ಸಂದೇಹಕ್ಕೂ ಒಬ್ಬರನ್ನೇ ಹುಡುಕಿಕೊಂಡು ಹೋಗುತ್ತಾಳೋ, ಅವರು ರಜೆಯಲ್ಲಿದ್ದ ದಿನ ಕೆಲಸ ನಿಲ್ಲಿಸಿ ಕೂರುತ್ತಾಳೋ? ಊಟವನ್ನು ಮೇಜಿನಲ್ಲೇ ಮುಗಿಸಿ ಫೋನ್ ಹಿಡಿಯುತ್ತಾಳೋ? ಟೀಗೆ ಎದ್ದು ಹೋಗಲು ಇನ್ನೂ ಅಪ್ಪಣೆ ಕೇಳುತ್ತಾಳೋ? ಇವುಗಳಲ್ಲಿ ಎರಡು ಕಂಡರೂ ಜೊತೆಗಾರರು ಮತ್ತೆ ಮೊದಲ ದಿನದ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಕೇಳಬೇಕಾದ ಪ್ರಶ್ನೆಯೂ ಬೇರೆ: "ಈ ವಾರ ಯಾವುದನ್ನು ಕೇಳೋಕೆ ಸಂಕೋಚ ಆಯ್ತು?" ಇದಕ್ಕೆ ಹೌದು ಎಂದೋ ಇಲ್ಲ ಎಂದೋ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ನಗದು ಲೆಕ್ಕ ಮುಗಿಸುವ ಕ್ರಮ ಇನ್ನೂ ತಿಳಿದಿಲ್ಲ ಎಂಬುದೋ, ಬಾಡಿಗೆ ಮನೆಯ ಮಾಲೀಕರ ಜೊತೆ ಕನ್ನಡದಲ್ಲಿ ಮಾತಾಡಲು ಯಾರಾದರೂ ಬರಬೇಕಿತ್ತು ಎಂಬುದೋ ಆಗ ಹೊರಗೆ ಬರುತ್ತದೆ. ಎರಡನೆಯದಕ್ಕೆ ಅಟೆಂಡರ್ ಶನಿವಾರ ಸಂಜೆ ಜೊತೆಗೆ ಹೋಗಿ ಮುಂಗಡದ ಮಾತು ಮುಗಿಸಿಕೊಟ್ಟು ಬರಬಹುದು.